ಒಂದೇ ವಯಸ್ಸು, ಹೆಚ್ಚುಕಮ್ಮಿ ಒಂದೇ ತೂಕ, ಆದ್ರೆ ಎರಡು ಬೇರೆ ಬೇರೆ ಡಯಾಗ್ನೋಸಿಸ್: ನನ್ನ ಗ್ರೋತ್ ಚಾರ್ಟ್ ಅಸೈನ್ಮೆಂಟ್ ಅನುಭವ

ಕಮ್ಯುನಿಟಿ ಪೋಸ್ಟಿಂಗಲ್ಲಿ ನಮಗೆ ಮಂಡ್ಯ ಹತ್ರದ ಒಂದು ಹಳ್ಳಿ ಅಂಗನವಾಡಿ ಕೊಟ್ಟಿದ್ರು. ಐದು ವರ್ಷದೊಳಗಿನ ಮಕ್ಕಳ ಅಳತೆ ತಗೊಂಡು ಚಾರ್ಟಲ್ಲಿ ಪ್ಲಾಟ್ ಮಾಡಿ ಅಪೌಷ್ಟಿಕತೆ ಕ್ಲಾಸಿಫೈ ಮಾಡಿ ಬರೀಬೇಕು, ಇದು ಅಸೈನ್ಮೆಂಟ್. ಎಲ್ಲಾ ಮಕ್ಕಳದ್ದೂ ಇಲ್ಲಿ ಹೇಳ್ತಾ ಹೋಗಲ್ಲ, ಇಬ್ಬರದ್ದು ಹೇಳಿದ್ರೆ ಸಾಕು, ವಯಸ್ಸಿಗೆ ತಕ್ಕ ತೂಕ, ವಯಸ್ಸಿಗೆ ತಕ್ಕ ಉದ್ದ, ಉದ್ದಕ್ಕೆ ತಕ್ಕ ತೂಕ ಅಂತ ಮೂರು ಚಾರ್ಟ್ ಯಾಕೆ ಬೇಕು ಅನ್ನೋದು ಅದರಲ್ಲೇ ಇದೆ.

ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರಿಗೂ 18 ತಿಂಗಳು. ಹುಡುಗ 8.4 ಕೆಜಿ, ಉದ್ದ 75 ಸೆಂ.ಮೀ. ಹುಡುಗಿ 8.3 ಕೆಜಿ, ಉದ್ದ 80 ಸೆಂ.ಮೀ.

ಮೊದಲು ವಯಸ್ಸಿನ ವಿಷ್ಯ, ಯಾಕಂದ್ರೆ ಇದು ತಪ್ಪಿದ್ರೆ ಮುಂದಿನ ಪ್ಲಾಟಿಂಗೂ ತಪ್ಪತ್ತೆ. ಹುಡುಗನ ತಾಯಿನ ಕೇಳಿದ್ರೆ "ಇಪ್ಪತ್ ತಿಂಗ್ಳಾಯ್ತು ಕಣವ್ವ" ಅಂದ್ರು. ತಾಯಿ ಕಾರ್ಡಲ್ಲಿ ಹುಟ್ಟಿದ್ದು 2023 ಜುಲೈ 20 ಅಂತಿತ್ತು, ನಾವು ಅಳತೆ ತಗೊಂಡಿದ್ದು 2025 ಫೆಬ್ರವರಿ 5, ಅಂದ್ರೆ ಜನವರಿ 20ಕ್ಕೆ 18 ತಿಂಗಳು ತುಂಬಿ ಮೇಲೆ 16 ದಿನ. ಚಾರ್ಟಿಗೆ ಬೇಕಾಗಿರೋದು ತುಂಬಿದ ತಿಂಗಳು, ಸೋ 18. ಈ ಎರಡು ತಿಂಗಳಿಂದ ಏನಾಗತ್ತೆ ಅಂತೀರಾ? ಡಬ್ಲ್ಯುಎಚ್‌ಒ ಚಾರ್ಟಲ್ಲಿ ನಡುವಿನ ಗೆರೆ ಮೀಡಿಯನ್, ಅದರ ಕೆಳಗೆ ಮೈನಸ್ 2, ಮೈನಸ್ 3 ಸ್ಟ್ಯಾಂಡರ್ಡ್ ಡೀವಿಯೇಶನ್ ಗೆರೆಗಳು; ಮೈನಸ್ 2ಕ್ಕಿಂತ ಕೆಳಗೆ ಬಿದ್ರೆ ಮಾಡರೇಟ್, ಮೈನಸ್ 3ಕ್ಕಿಂತಲೂ ಕೆಳಗೆ ಬಿದ್ರೆ ಸಿವಿಯರ್. 18 ತಿಂಗಳ ಗಂಡು ಮಗುಗೆ ಉದ್ದದ ಮೈನಸ್ 3 ಗೆರೆ 74.2 ಸೆಂ.ಮೀ., 20 ತಿಂಗಳಿಗೆ 75.8. ನಮ್ಮ ಹುಡುಗ 75. ತಾಯಿ ಹೇಳಿದ ವಯಸ್ಸೇ ಹಾಕಿದ್ರೆ ಅವನು ಸಿವಿಯರ್ ಸ್ಟಂಟಿಂಗ್, ಅಂದ್ರೆ ವಯಸ್ಸಿಗೆ ತೀರಾ ಕುಳ್ಳು, ಆಗಿಬಿಡ್ತಿದ್ದ, ಸರಿಯಾದ ವಯಸ್ಸಿಗೆ ಮಾಡರೇಟ್ ಅಷ್ಟೇ. ಅದಕ್ಕೆ ಕಾರ್ಡ್ ನೋಡದೆ ನಾನು ಪೆನ್ಸಿಲ್ ಮುಟ್ಟಲ್ಲ.

ಈಗ ವಯಸ್ಸಿಗೆ ತಕ್ಕ ತೂಕ, ಅಂದ್ರೆ ತಾಯಿ ಕಾರ್ಡಲ್ಲೇ ಇರೋ ಚಾರ್ಟ್, ಗಂಡಿಗೆ ನೀಲಿ ಹೆಣ್ಣಿಗೆ ಗುಲಾಬಿ. 18 ತಿಂಗಳ ಗಂಡಿಗೆ ಮೈನಸ್ 2 ಗೆರೆ 8.8 ಕೆಜಿ, ಮೈನಸ್ 3 ಗೆರೆ 7.8. ಹುಡುಗ 8.4, ಎರಡರ ಮಧ್ಯೆ ಬಿದ್ದ, ಮಾಡರೇಟ್ ಅಂಡರ್‌ವೇಟ್. ಹೆಣ್ಣಿಗೆ ಮೈನಸ್ 2 ಗೆರೆ 8.1, ಹುಡುಗಿ 8.3, ಗೆರೆಯಿಂದ ಸ್ವಲ್ಪ ಮೇಲೆ, ಅಂದ್ರೆ ನಾರ್ಮಲ್. ಈ ಒಂದೇ ಚಾರ್ಟ್ ನೋಡಿ ಎದ್ದು ಬಂದ್ರೆ ಹುಡುಗನ ಹೆಸ್ರು ಅಪೌಷ್ಟಿಕ ಮಕ್ಕಳ ಲಿಸ್ಟಿಗೆ ಸೇರತ್ತೆ, ಹುಡುಗಿ ಮನೆಗೆ ಹೋಗ್ತಾಳೆ.

ವಯಸ್ಸಿಗೆ ತಕ್ಕ ಉದ್ದ ನೋಡಿದ್ರೆ ಹುಡುಗನ 75, ಮೈನಸ್ 2 (76.9) ಮತ್ತೆ ಮೈನಸ್ 3ರ ಮಧ್ಯೆ, ಸ್ಟಂಟಿಂಗ್ ಇದೆ. ಹುಡುಗಿಯ ಏಜಿಗೆ ಮೀಡಿಯನ್ 80.7, ಅವಳು 80, ಉದ್ದಕ್ಕೇನೂ ತೊಂದರೆ ಇಲ್ಲ.

ಮೂರನೇದು ಉದ್ದಕ್ಕೆ ತಕ್ಕ ತೂಕ, ಇದ್ರಲ್ಲಿ ವಯಸ್ಸು ಬರೋದೇ ಇಲ್ಲ, ಅಡ್ಡ ಗೆರೆಯಲ್ಲಿ ಸೆಂ.ಮೀ. ಇರತ್ತೆ, ಕೆಲವರು ಅಭ್ಯಾಸಬಲದಿಂದ ಅಲ್ಲೂ ತಿಂಗಳು ಹುಡುಕ್ತಾರೆ. 75 ಸೆಂ.ಮೀ. ಗಂಡಿಗೆ ಮೈನಸ್ 2 ಅಂದ್ರೆ 8.1 ಕೆಜಿ. ಹುಡುಗ 8.4. ಅಂದ್ರೆ ಅವನ ಗಾತ್ರಕ್ಕೆ ತೂಕ ಸರಿಯಾಗೇ ಇದೆ, ವೇಸ್ಟಿಂಗ್, ಅಂದ್ರೆ ಉದ್ದಕ್ಕೆ ತಕ್ಕ ತೂಕ ಇಲ್ಲದೆ ಸೊರಗಿರೋದು, ಇಲ್ಲ, ತೂಕ ಕಮ್ಮಿ ಕಂಡಿದ್ದು ಕುಳ್ಳಗಿರೋದಕ್ಕೆ. 80 ಸೆಂ.ಮೀ. ಹೆಣ್ಣಿಗೆ ಮೈನಸ್ 2 ಗೆರೆ 8.5, ಮೈನಸ್ 3 ಗೆರೆ 7.8. ಹುಡುಗಿ 8.3. ಮಾಡರೇಟ್ ವೇಸ್ಟಿಂಗ್! ಮೊದಲ ಚಾರ್ಟ್ ನಾರ್ಮಲ್ ಅಂತ ಬಿಟ್ಟ ಮಗುಗೇ ಈಗ, ಸದ್ಯಕ್ಕೆ, ತೂಕ ಇಳೀತಿರೋದು. ಉದ್ದ ಚೆನ್ನಾಗಿರೋ ಮಗು ಸೊರಗಿದ್ರೂ ವಯಸ್ಸಿನ ತೂಕದ ಚಾರ್ಟಲ್ಲಿ ಗೊತ್ತಾಗದೇ ಇರಬಹುದು.

ಆದ್ರೆ 200 ಗ್ರಾಂ ವ್ಯತ್ಯಾಸದ ಮೇಲೆ ಇಷ್ಟು ದೊಡ್ಡ ಮಾತು ಹೇಳೋಕೆ ಮುಂಚೆ ಅಳತೆ ಗಟ್ಟಿ ಇರಬೇಕು, ಹಂಗಾಗಿ ಇಬ್ಬರದ್ದೂ ಎರಡನೇ ಸಲ ತಗೊಂಡ್ವಿ. ಬಟ್ಟೆ ಬಿಚ್ಚಿಸಿ, ಕಾಲ್ಗೆಜ್ಜೆ ತೆಗೆಸಿ ತೂಕ. ಉಡಿದಾರ ತೆಗೆಯೋಕೆ ಅಜ್ಜಿ ಒಪ್ಪಲಿಲ್ಲ, ಬರೀ ದಾರ ಆಗಿದ್ರಿಂದ ಬಿಟ್ವಿ, ಬೆಳ್ಳೀದಾಗಿದ್ರೆ ಕೇಳಿ ತೆಗೆಸಲೇಬೇಕು. ಉದ್ದ ಮಲಗಿಸಿನೇ ಅಳೀಬೇಕು, ಎರಡು ವರ್ಷ ತುಂಬೋವರೆಗೆ. ಇನ್ಫ್ಯಾಂಟೋಮೀಟರಿಗೆ ಇಬ್ಬರು ಬೇಕು: ಒಬ್ಬರು ಮಗುವಿನ ತಲೆನ ಮೇಲಿನ ಹಲಗೆಗೆ ತಾಗಿಸಿ ಹಿಡೀತಾರೆ (ತಾಯೀನೇ ಹಿಡಿದ್ರೆ ಮಗು ಸುಮ್ಮನಿರತ್ತೆ), ಇನ್ನೊಬ್ಬರು ಒಂದು ಕೈಲಿ ಎರಡೂ ಮಂಡಿ ಮೆಲ್ಲಗೆ ಒತ್ತಿ ಕಾಲು ನೇರ ಮಾಡಿ, ಇನ್ನೊಂದು ಕೈಲಿ ಹಲಗೆನ ಅಂಗಾಲಿಗೆ ತಂದು ತಾಗಿಸಿ, ಪಾದ ನೆಟ್ಟಗಿರುವಾಗಲೇ ಓದ್ತಾರೆ. ಮಗು ಅಳ್ತಾ ಮಂಡಿ ಮಡಚಿದ್ರೆ ಎರಡು ಸೆಂ.ಮೀ. ಕಮ್ಮಿ ಬರೋದು ಆರಾಮಾಗಿ ಆಗತ್ತೆ, ಆಗ ಇದೇ ಹುಡುಗಿ 78 ಅಂತ ಬರೆಸಿಕೊಂಡು ಮೈನಸ್ 2 ಗೆರೆ ಮೇಲೆ ಹೋಗಿ ನಾರ್ಮಲ್ ಆಗಿಬಿಡ್ತಾಳೆ. ಎರಡು ಸಲದ ಅಳತೆಲಿ ಅರ್ಧ ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ನಾವು ಮೂರನೇದು ತಗೋತಿದ್ವಿ.

ತೋಳಿನ ಸುತ್ತಳತೆನೂ ತಗೊಂಡ್ವಿ. ಎಡತೋಳು, ಭುಜದ ಮೂಳೆ ತುದಿಗೂ ಮೊಣಕೈ ತುದಿಗೂ ಸರಿ ಮಧ್ಯೆ ಗುರುತು ಹಾಕಿ, ಕೈ ಸಡಿಲ ಬಿಟ್ಟು ಟೇಪ್ ಸುತ್ತೋದು, ಬಿಗಿ ಎಳೀಬಾರದು. 11.5 ಸೆಂ.ಮೀ.ಗಿಂತ ಕಮ್ಮಿ ಇದ್ರೆ ಸಿವಿಯರ್, 11.5 ಇಂದ 12.5ರ ಒಳಗೆ ಮಾಡರೇಟ್. ಹುಡುಗನದ್ದು 13.4, ಹುಡುಗಿಯದ್ದು 12.2. ಇದೂ ಹೊಂದಿಕೆ ಆಯ್ತು. ಆಮೇಲೆ ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಸ್ವಲ್ಪ ಹೊತ್ತು ಒತ್ತಿ ಬಿಟ್ವಿ, ಗುಳಿ ಬೀಳಲಿಲ್ಲ. ಅಪೌಷ್ಟಿಕತೆಯಿಂದ ಎರಡೂ ಕಾಲಲ್ಲಿ ಊತ ಬಂದಿದ್ರೆ ತೂಕ ಎಷ್ಟೇ ಇರಲಿ ಅದು ಸಿವಿಯರ್ರೇ, ಊತದ ನೀರು ತೂಕ ಜಾಸ್ತಿ ತೋರಿಸತ್ತೆ ಬೇರೆ.

ನಮ್ಮ ಫಾರ್ಮ್ಯಾಟಲ್ಲಿ ಐಎಪಿ, ಅಂದ್ರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಗ್ರೇಡೂ ಕೇಳಿದ್ರು, ಇರಬೇಕಾದ ತೂಕದಲ್ಲಿ ಮಗು ಶೇಕಡಾ ಎಷ್ಟಿದೆ ಅಂತ ನೋಡೋದು. ವಯಸ್ಸು ಇಂಟು 2 ಪ್ಲಸ್ 8 ಫಾರ್ಮುಲಾ ಹಾಕಿದ್ರೆ ಒಂದೂವರೆ ವರ್ಷಕ್ಕೆ 11 ಕೆಜಿ ಇರಬೇಕು, ಹುಡುಗ 76%, ಹುಡುಗಿ 75%, ಇಬ್ಬರೂ ಗ್ರೇಡ್ 1. ಗಂಡು ಹೆಣ್ಣು ಅನ್ನದೆ ಒಂದೇ ಲೆಕ್ಕ, ಉದ್ದದ ಮಾತೇ ಇಲ್ಲ. ನಾನು ಗ್ರೇಡ್ ಬರೆದೆ, ಆದ್ರೆ ಕೆಳಗೆ ಡಬ್ಲ್ಯುಎಚ್‌ಒ ಕ್ಲಾಸಿಫಿಕೇಶನ್ ಬೇರೆಯಾಗೇ ಬರೆದು ಇಬ್ಬರ ಪ್ಲಾನೂ ಅದರ ಮೇಲೇ ಮಾಡಿದೆ.

ಹಿಸ್ಟರಿ ಕೇಳಿದಾಗ ಎಲ್ಲಾ ಕೂಡಿಬಂತು. ಹುಡುಗ ಹುಟ್ಟಿದಾಗಲೇ 2.2 ಕೆಜಿ, ಒಂಬತ್ತು ತಿಂಗಳಾಗೋವರೆಗೆ ಎದೆಹಾಲು ಬಿಟ್ರೆ ನೀರು ನೀರು ರಾಗಿ ಅಂಬಲಿ ಅಷ್ಟೇ. ಹುಡುಗಿ ಮೊನ್ನೆ ಮೊನ್ನೆವರೆಗೂ ಚೆನ್ನಾಗಿದ್ಲು, ಕಾರ್ಡಲ್ಲಿ ಹಿಂದಿನ ತಿಂಗಳ ತೂಕ 8.9, ಆಮೇಲೆ ಬೇಧಿ ಶುರುವಾಗಿ ಹತ್ತು ದಿನ ಹಿಡೀತು, ತಾಯಿ ಕಬ್ಬು ಕಡಿಯೋಕೆ ಹೋಗ್ತಿದ್ರು, ಅಜ್ಜಿ ಬೇಧಿಗೆ ಅಂತ ಊಟ ನಿಲ್ಲಿಸಿ ಗಂಜಿ ತಿಳಿ ಕೊಡ್ತಿದ್ರು. ಎರಡು ಚುಕ್ಕೆ ಸೇರಿಸಿ ಗೆರೆ ಎಳೆದ್ರೆ ಕೆಳಗೆ ಇಳಿಯೋದು ಕಾಣತ್ತೆ, ಚುಕ್ಕೆ ಬಿದ್ದಿರೋ ಪಟ್ಟಿ ನಾರ್ಮಲ್ ಅನ್ನೋ ಹಸಿರು ಬಣ್ಣದ್ದೇ ಆಗಿದ್ರೂ. ಅಂಗನವಾಡಿ ಟೀಚರ್ ಆ ಗೆರೆ ನೋಡಿ "ನಾನು ಬಣ್ಣ ಮಾತ್ರ ನೋಡ್ತಿದ್ದೆ ಮೇಡಂ" ಅಂದ್ರು, ಅವತ್ತೇ ಬೇರೆ ಮಕ್ಕಳ ಕಾರ್ಡೂ ತೆಗೆದು ಗೆರೆ ಎಳೆಯೋಕೆ ಕೂತ್ರು.

ಹುಡುಗಿಗೆ ಬೇಧಿ ನಿಂತಿದೆಯಾ, ಊಟ ಸೇರ್ತಿದೆಯಾ ಅಂತ ನೋಡಿ ಪಿಎಚ್‌ಸಿ ಡಾಕ್ಟರಿಗೆ ತೋರಿಸಿ, ರಾಗಿ ಸರಿಗೆ ಎಣ್ಣೆ, ಬೇಳೆ, ಮೊಟ್ಟೆ ಸೇರಿಸಿ ದಿನಕ್ಕೆ ಐದಾರು ಸಲ ಕೊಡೋದು ಅಜ್ಜಿಗೇ ಕೂರಿಸಿ ಹೇಳಿದ್ವಿ, ಯಾಕಂದ್ರೆ ತಿನ್ನಿಸೋದು ಅವರೇ. ತೂಕ ವಾರ ವಾರ. ತೋಳು 11.5ಕ್ಕಿಂತ ಇಳಿದ್ರೆ, ಊತ ಬಂದ್ರೆ, ಊಟ ಮುಟ್ಟದೇ ಹೋದ್ರೆ ತಕ್ಷಣ ಪಿಎಚ್‌ಸಿಗೆ, ಬೇಕಾದ್ರೆ ಅಲ್ಲಿಂದ ಎನ್‌ಆರ್‌ಸಿಗೆ, ಅಂದ್ರೆ ಅಪೌಷ್ಟಿಕ ಮಕ್ಕಳನ್ನ ಸೇರಿಸಿಕೊಂಡು ನೋಡೋ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ. ಹುಡುಗನಿಗೆ ಅವಸರದ ರೆಫರಲ್ ಬೇಕಿಲ್ಲ, ಬರೀ ತೂಕ ಏರಿಸೋಕೆ ಸಕ್ಕರೆ ಎಣ್ಣೆ ತುಂಬಿದ್ರೆ ಉದ್ದ ಬರಲ್ಲ, ಅವನಿಗೆ ಮೊಟ್ಟೆ, ಹಾಲು, ಬೇಳೆ, ಸೊಪ್ಪು ದಿನಾ ಬೇಕು, ಪದೇ ಪದೇ ಕಾಯಿಲೆ ಬೀಳದ ಹಾಗೆ ನೋಡ್ಕೋಬೇಕು, ಉದ್ದ ಮೂರು ತಿಂಗಳಿಗೊಮ್ಮೆ ಅಳೆದ್ರೆ ಸಾಕು. ಆಗ ಅವನಿಗೆ 21 ತಿಂಗಳು, ಆಗಲೂ ಮಲಗಿಸಿನೇ ಅಳೀರಿ ಅಂತ ಟೀಚರಿಗೆ ಕಾರ್ಡಲ್ಲೇ ಬರೆದುಕೊಟ್ಟು ಬಂದೆ, ನಿಲ್ಲಿಸಿ ಅಳೆದ್ರೆ ಸುಮಾರು 0.7 ಸೆಂ.ಮೀ. ಕಮ್ಮಿ ಬಂದು ಬೆಳವಣಿಗೆನೇ ಆಗಿಲ್ಲವೇನೋ ಅನ್ನಿಸಿಬಿಡತ್ತೆ.