‘ಎವೆರಿವನ್ ಹ್ಯಾವ್’ ಬಿಡಿಸಿದ ಒಂದು ಗೆರೆ

ಬೆಳಗಾವಿಯ ಟಿಳಕವಾಡಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಎಲ್ಲರೂ ಬಂದಿದ್ದಾರೆ’ ಎನ್ನುತ್ತ ಬೆಳೆದ ಹುಡುಗರು ‘ಎವೆರಿವನ್ ಹ್ಯಾವ್ ಕಮ್’ ಎಂದು ಬರೆಯದೆ ಇನ್ನೇನು ಬರೆದಾರು? ಮೊದಲು ಎಂಟುನೂರು ರೂಪಾಯಿ ಸುರಿದು ಎವೆರಿವನ್, ಸಂಬಡಿ, ನೋಬಡಿಗಳ ಪಟ್ಟಿಯ ಫ್ಲೆಕ್ಸ್ ಮಾಡಿಸಿ ಗೋಡೆಗೆ ಹಚ್ಚಿದೆ. ಎಲ್ಲವೂ ಏಕವಚನ ಎಂದು ಬಾಯಿಪಾಠವೂ ಆಯಿತು. ‘ಹ್ಯಾಸ್’ ಸರಿಯಾಯಿತು, ಆದರೆ ಅದೇ ಗುಂಗಿನಲ್ಲಿ ಮುಂದಿನ ವಾಕ್ಯಕ್ಕೆ ‘ದೇ ಈಸ್’ ಬಂತು. ಝೆರಾಕ್ಸ್ ಮಾಡಿಸಿ ಹಂಚಿದ ಅಭ್ಯಾಸದ ಹಾಳೆಗಳ ಖರ್ಚಂತೂ ಎರಡು ಸಾವಿರ ದಾಟಿತ್ತು.

ಕೊನೆಗೆ ಕೈಹಿಡಿದದ್ದು ಒಂದು ಗೆರೆ. ಸರ್ವನಾಮ ಮತ್ತು ಅದರ ಕ್ರಿಯಾಪದ ಮುಗಿದ ಕೂಡಲೇ ಪೆನ್ಸಿಲಿನಿಂದ ಗೆರೆ ಎಳೆಯಬೇಕು:

‘ಸಂಬಡಿ ಹ್ಯಾಸ್ ಲೆಫ್ಟ್ | ದೇರ್ ಬ್ಯಾಗ್ ಇನ್ ದ ಬಸ್. ದೇ ಆರ್ ಶೂರ್ ಟು ಕಮ್ ಬ್ಯಾಕ್.’

ಗೆರೆಯ ಎಡಕ್ಕೆ ಏಕವಚನ, ಬಲಕ್ಕೆ ‘ದೇ’ ಮನೆತನ. ಚೀಲ ಬಿಟ್ಟವನು ಒಬ್ಬನೇ ಆದರೂ ‘ದೇ’ ಜೊತೆಗೆ ‘ಆರ್’ ಮಾತ್ರ. ‘ಯಾರೋ ಚೀಲ ಬಿಟ್ಟು ಹೋಗಿದ್ದಾರೆ, ಅವರು ಬರುತ್ತಾರೆ’ ಎಂದು ನಾವು ಒಬ್ಬರಿಗೇ ಹೇಳುವುದಿಲ್ಲವೇ? ಇದನ್ನು ನೆನಪಿಸಿದರೆ ಬಲಭಾಗ ತಾನಾಗಿ ಬರುತ್ತದೆ. ಕಷ್ಟವಿರುವುದು ಎಡಭಾಗದಲ್ಲಿ. ‘ಏಕವಚನಕ್ಕೆ ದೇ ಹೇಗೆ ಸರ್, ಪೇಪರಿನಲ್ಲಿ ಹುಡುಗರ ಅಂಕ ಹೋಗುತ್ತವೆ’ ಎಂದು ಪಕ್ಕದ ತರಗತಿಯ ಮೇಷ್ಟ್ರು ನಕ್ಕರು. ಅವರ ಮುಂದೆಯೇ ‘ಎವೆರಿವನ್ ಹ್ಯಾಸ್ ಕಮ್, ಹ್ಯಾವಂಟ್ ದೇ?’ ಎಂದು ಬರೆದೆ. ಟ್ಯಾಗ್ ಪ್ರಶ್ನೆಯಲ್ಲಿ ಹಳೆಯ ವ್ಯಾಕರಣಕಾರರೂ ಒಪ್ಪುವ ರೂಪವಿದು. ಒಂದೇ ವಾಕ್ಯದಲ್ಲಿ ಎರಡೂ ವಚನ. ‘ನೋಬಡಿ ಕೇಮ್’ ಎಂದರೆ ‘ಡಿಡ್ ದೇ?’, ಅಲ್ಲಿ ನಿಷೇಧ ಮೊದಲೇ ಇರುವುದರಿಂದ ಟ್ಯಾಗಿನಲ್ಲಿ ‘ನಾಟ್’ ಬೇಡ.

ಎರಡು ಕಡೆ ಗೆರೆ ಜಾರುತ್ತದೆ. ‘ಎವೆರಿವನ್ ಇನ್ ದ ವಿಲೇಜಸ್ ನಿಯರ್ ಗೋಕಾಕ್’ ಎಂದಾಗ ಹುಡುಗರು ‘ವಿಲೇಜಸ್’ ನೋಡಿ ‘ಹ್ಯಾವ್’ ಎನ್ನುತ್ತಾರೆ. ನಡುವಿನ ಪದಗಳನ್ನು ಬೆರಳಿನಿಂದ ಮುಚ್ಚಿಸುತ್ತೇನೆ. ‘ಹ್ಯಾಸ್ ಎವೆರಿವನ್ ಪೇಯ್ಡ್ ದೇರ್ ಫೀಸ್?’ ಎಂಬಲ್ಲಿ ಕ್ರಿಯಾಪದ ಮುಂದೆ ಬಂದಿರುವುದರಿಂದ ಮೊದಲು ಅದಕ್ಕೆ ಸುತ್ತು ಹಾಕಿಸಿ, ಆಮೇಲೆ ಗೆರೆ.

ಖಾನಾಪುರ ಕಡೆಯ ಮರಾಠಿ ಮನೆಮಾತಿನವರ ಮೇಲೂ ಪ್ರಯೋಗಿಸಿದೆ. ‘ಕೋಣೀತರಿ ಆಲಂ ಆಹೆ’ ಎಂದು ನಪುಂಸಕ ಏಕವಚನ ಹೇಳುವವರಿಗೆ ‘ಹ್ಯಾಸ್’ ಸಲೀಸು, ‘ದೇ’ಗೇ ತಡಬಡಿಕೆ. ನಮ್ಮವರ ತದ್ವಿರುದ್ಧ!

ಈಗ ಇಪ್ಪತ್ತರಲ್ಲಿ ಹದಿನೇಳೋ ಹದಿನೆಂಟೋ ಸರಿ ಬರುತ್ತವೆ. ಮೊದಲು ಹತ್ತು ದಾಟುತ್ತಿರಲಿಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಶೈಲಿ ಕೈಪಿಡಿಯೇ 2019ರಲ್ಲಿ ಏಕವಚನದ ‘ದೇ’ಯನ್ನು ಒಪ್ಪಿದೆ. ಆದರೂ ಉತ್ತರಗಳಲ್ಲಿ ‘ದೇರ್’ ಇಲ್ಲದೆ ‘ಹಿಸ್’ ಮಾತ್ರ ಇದ್ದರೆ ತಕರಾರು ಮಾಡದೆ ಅದನ್ನೇ ಗುರುತು ಮಾಡಿ ಎನ್ನುತ್ತೇನೆ. ಗೆರೆ ಅಳಿಸಿದ ಮೇಲೂ ತಪ್ಪದಿರಲು ಕೊನೆಯ ವಾರ ಮಾಡಿಸುವ ಅಭ್ಯಾಸ ಬೇರೆಯೇ ಇದೆ. ಅದು ಶುಲ್ಕ ಕಟ್ಟಿದವರಿಗೆ ಮಾತ್ರ.