ಗಲ್ಫ್ ಬಿಸಿಲಿಗೆ ಯಾವ ಬಣ್ಣದ ಅಂಗಿ? ಹೊಸಬರಿಗೆ ಒಂದಿಷ್ಟು

ಮೇ ತಿಂಗಳು ಬಂತು ಅಂದರೆ ಊರಿಂದ ಹೊಸದಾಗಿ ಬಂದ ಹುಡುಗರು ಕೇಳುವುದು ಇದೇ: "ಅಣ್ಣಾ, ನನ್ನ ಹತ್ರ ಇರೋದೆಲ್ಲ ಕಪ್ಪು ಟೀ ಶರ್ಟೇ. ಬಿಸಾಡ್ಬೇಕಾ?"

ಬೇಡ. ನಾನು ಶಾರ್ಜಾಕ್ಕೆ ಬಂದ ವರ್ಷ ಭಾವ ಫೋನಿನಲ್ಲಿ ಹೇಳಿದ್ದರು, ಬಿಳಿ ಬಟ್ಟೆ ಮಾತ್ರ ಹಾಕು ಅಂತ. ನಾನೂ ನಂಬಿ ಐದು ಬಿಳಿ ಶರ್ಟ್ ತಂದಿದ್ದೆ. ಎಲ್ಲ ಪಾಲಿಯೆಸ್ಟರ್, ಎಲ್ಲ ಮೈಗೆ ಬಿಗಿ. ಜೂನ್‌ನಲ್ಲಿ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಬೆನ್ನಿಗೆ ಅಂಟಿಕೊಂಡು ಕೂರುತ್ತಿದ್ದವು. ಅದೇ ಸ್ಟಾಪಿನಲ್ಲಿ ಕಪ್ಪು ಅಬಾಯಾ ಹಾಕಿದ ಹೆಂಗಸರು ನನಗಿಂತ ಆರಾಮಾಗಿ ನಿಂತಿರುತ್ತಿದ್ದರು. ಭಾವ ಹೇಳಿದ್ದು ಸುಳ್ಳಲ್ಲ. ಅರ್ಧ ಮಾತ್ರ ಹೇಳಿದ್ದರು, ಅಷ್ಟೇ.

ಅವರು ಹೇಳಿದ ಅರ್ಧ ತುಂಬಾ ಹಳೆಯದು. 1761ರಲ್ಲೇ ಬೆಂಜಮಿನ್ ಫ್ರಾಂಕ್ಲಿನ್ ಒಂದು ಪತ್ರದಲ್ಲಿ ತಾನು ಮಾಡಿ ನೋಡಿದ್ದನ್ನು ಬರೆದಿದ್ದ. ಬಿಸಿಲು ಬಿದ್ದ ಹಿಮದ ಮೇಲೆ ಬೇರೆ ಬೇರೆ ಬಣ್ಣದ ಬಟ್ಟೆ ತುಂಡುಗಳನ್ನು ಇಟ್ಟ. ಕೆಲವು ಗಂಟೆ ಬಿಟ್ಟು ನೋಡಿದರೆ ಕಪ್ಪು ತುಂಡು ಹಿಮ ಕರಗಿಸಿಕೊಂಡು ಎಲ್ಲಕ್ಕಿಂತ ಕೆಳಗೆ ಇಳಿದಿತ್ತು, ಬಿಳಿ ತುಂಡು ಇಟ್ಟಲ್ಲೇ ಇತ್ತು. ಕಪ್ಪು ಬಟ್ಟೆ ಬಿಸಿಲನ್ನು ಜಾಸ್ತಿ ಹೀರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವನ ಬಟ್ಟೆ ಹಿಮಕ್ಕೆ ಅಂಟಿಕೊಂಡು ಮಲಗಿತ್ತು. ನಮ್ಮ ಬಟ್ಟೆ ಹಾಗೆ ಮೈಗೆ ಅಂಟಿರಲೇಬೇಕು ಅಂತೇನಿಲ್ಲ ಅಲ್ವಾ? ಬಟ್ಟೆ ಹೀರಿದ ಬಿಸಿ ಆಮೇಲೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಅದನ್ನು ಅಳೆದು ನೋಡಿದವರು ಇದ್ದಾರೆ. 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬಂತು. ಮರುಭೂಮಿಯ ಬೆಡೂಯಿನ್ ಜನ ಅಷ್ಟು ಬಿಸಿಲಲ್ಲೂ ಕಪ್ಪು ನಿಲುವಂಗಿ ಯಾಕೆ ಹಾಕುತ್ತಾರೆ ಅನ್ನುವುದೇ ಅದರ ಪ್ರಶ್ನೆ. ನೆಗೆವ್ ಮರುಭೂಮಿಯಲ್ಲಿ, 35ರಿಂದ 46 ಡಿಗ್ರಿ ಸೆಖೆಯಲ್ಲಿ, ಒಬ್ಬ ಸ್ವಯಂಸೇವಕನನ್ನು ನಡುಮಧ್ಯಾಹ್ನ ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿದರು. ಒಮ್ಮೆ ಕಪ್ಪು ನಿಲುವಂಗಿ, ಒಮ್ಮೆ ಬಿಳಿ ನಿಲುವಂಗಿ. ಕಪ್ಪು ಬಟ್ಟೆಯ ಹೊರಮೈ ಬಿಳಿಯದಕ್ಕಿಂತ ಸಾಕಷ್ಟು ಬಿಸಿಯಾಯಿತು. ಆದರೆ ಒಳಗಿದ್ದ ಮನುಷ್ಯನ ಮೈಗೆ ತಲುಪಿದ ಬಿಸಿ ಎರಡರಲ್ಲೂ ಒಂದೇ. ಹೀರಿದ ಹೆಚ್ಚಿನ ಬಿಸಿ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗಿಬಿಟ್ಟಿತ್ತು.

ಇದು ನಮಗೆ ಹೊಸದೇನಲ್ಲ, ಯೋಚಿಸಿ ನೋಡಿದರೆ. ಊರಲ್ಲಿ ಬೇಸಿಗೆಯಲ್ಲಿ ಅಜ್ಜ ಪೇಟೆಗೆ ಹೊರಟಾಗ ಕೈಯಲ್ಲಿ ಇರುತ್ತಿದ್ದದ್ದು ಕಪ್ಪು ಕೊಡೆ. ಬಿಸಿಲಲ್ಲಿ ಆ ಬಟ್ಟೆ ಮುಟ್ಟಿದರೆ ಚುರುಕ್ ಅನ್ನುತ್ತಿತ್ತು, ಆದರೂ ಕೆಳಗೆ ತಂಪು. ಬಟ್ಟೆ ತಲೆಯಿಂದ ಒಂದು ಗೇಣು ಮೇಲೆ ಇದೆ, ನಡುವೆ ಗಾಳಿ ಆಡುತ್ತದೆ, ಬಿಸಿ ಅಲ್ಲೇ ಹೊರಟುಹೋಗುತ್ತದೆ. ಸಡಿಲ ನಿಲುವಂಗಿ ಅಂದರೆ ಮೈಗೆ ಹಿಡಿದ ಕೊಡೆ. ಬಿಗಿ ಟೀ ಶರ್ಟ್ ಅಂದರೆ ಕೊಡೆಯ ಬಟ್ಟೆ ಬಿಚ್ಚಿ ಬೆನ್ನಿಗೆ ಸುತ್ತಿಕೊಂಡ ಹಾಗೆ. ಬಣ್ಣ ಕೆಲಸ ಮಾಡುವುದು ಹೆಚ್ಚಾಗಿ ಅಲ್ಲಿ, ಬಟ್ಟೆ ಚರ್ಮಕ್ಕೆ ತಾಗಿದ ಕಡೆ: ಹೆಗಲು, ಬೆನ್ನಿನ ಮೇಲ್ಭಾಗ, ಬ್ಯಾಗಿನ ಪಟ್ಟಿಯ ಅಡಿ.

ಎಷ್ಟು ವ್ಯತ್ಯಾಸ ಅಂತ ಒಂದು ಅಂದಾಜು ಲೆಕ್ಕ ಹಾಕೋಣ. ಜೂನ್ ತಿಂಗಳು, ಸಂಜೆ 4 ಗಂಟೆ. ನೀವು ಮೆಟ್ರೋ ಇಳಿದು ರೂಮಿಗೆ ಕಾಲು ಗಂಟೆ ನಡೆಯುತ್ತೀರಿ. ಬಿಸಿಲು ಬೆನ್ನಿಗೆ. ನೇರ ಬಿಸಿಲಿನಲ್ಲಿ ಆ ಹೊತ್ತಿಗೆ ಒಂದು ಚದರ ಮೀಟರಿಗೆ ಸುಮಾರು 700 ವ್ಯಾಟ್ ಅಂತ ಇಟ್ಟುಕೊಳ್ಳಿ. ಅಂಗಿಯ ಮೇಲೆ ಬಿಸಿಲು ಬೀಳುವ ಜಾಗ ಒಂದು ಚದರ ಮೀಟರಿನ ಐದನೇ ಒಂದು ಭಾಗ. ಅಂದರೆ 140 ವ್ಯಾಟ್ ಬೀಳುತ್ತದೆ. ಕಪ್ಪು ಅಂಗಿ ಇದರಲ್ಲಿ 120ರಷ್ಟು ಹಿಡಿದುಕೊಂಡರೆ ಬಿಳಿ 50ರಷ್ಟು. ವ್ಯತ್ಯಾಸ 70 ವ್ಯಾಟ್. ಅಂಗಿ ಬಿಗಿಯಾಗಿದ್ದರೂ ಅದರಲ್ಲಿ ಅರ್ಧದಷ್ಟು ಹೊರಗಿನ ಗಾಳಿಗೇ ಹೋಗುತ್ತದೆ ಅಂದುಕೊಳ್ಳಿ. ನಿಮ್ಮ ಪಾಲಿಗೆ ಉಳಿಯುವುದು 35 ವ್ಯಾಟ್.

ಇದು ದೊಡ್ಡದಾ? ನಡೆಯುವಾಗ ನಿಮ್ಮ ಮೈಯೇ 250 ವ್ಯಾಟ್ ಆಸುಪಾಸು ಬಿಸಿ ಹುಟ್ಟಿಸುತ್ತಿರುತ್ತದೆ. ಆ 35 ವ್ಯಾಟನ್ನು ಬೆವರಿನಲ್ಲಿ ಕಳೆಯಲು ಗಂಟೆಗೆ ಸುಮಾರು 50 ಎಂ.ಎಲ್. ಬೆವರು ಆರಬೇಕು. ಕಾಲು ಗಂಟೆಗೆ ಅಂದರೆ ಒಂದು ದೊಡ್ಡ ಚಮಚ. ಕಪ್ಪು ಟೀ ಶರ್ಟಿನ ದಂಡ ಇಷ್ಟೇ. ಆದರೆ ಐದು ಗಂಟೆ ಬಿಸಿಲಲ್ಲೇ ಕೆಲಸ ಮಾಡುವವನಿಗೆ ಅದೇ ಚಮಚಗಳು ಸೇರಿ ಕಾಲು ಲೀಟರ್ ಆಗುತ್ತವೆ. ಅವನಿಗೆ ತಿಳಿ ಬಣ್ಣ ಬೇಕು. ನಿಮ್ಮ ಕಾಲು ಗಂಟೆಯ ನಡಿಗೆಗೆ ಬಣ್ಣದ ಚಿಂತೆ ಸುಮ್ನೆ.

ಆ 'ಆರಬೇಕು' ಅನ್ನುವ ಪದ ಮರೆಯಬೇಡಿ. ನೆಗೆವ್‌ದು ಒಣ ಗಾಳಿ. ನಮ್ಮ ದುಬೈ, ಶಾರ್ಜಾ, ದೋಹಾ ಎಲ್ಲ ಸಮುದ್ರದ ಪಕ್ಕ. ಆಗಸ್ಟಿನ ಸಂಜೆ ಹೊರಗೆ ಬಂದರೆ ಕನ್ನಡಕ ಮಂಜಾಗುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಈ ಸೆಖೆ ವಿವರಿಸಬೇಕಾಗಿಲ್ಲ, ಕಲಬುರಗಿಯವರಿಗೆ ವಿವರಿಸಬೇಕು. ಕಲಬುರಗಿಯಲ್ಲಿ 43 ಡಿಗ್ರಿ ಇದ್ದರೂ ಬೆವರು ಆರಿ ಮೈ ತಣ್ಣಗಾಗುತ್ತದೆ. ಇಲ್ಲಿ 38 ಇದ್ದರೂ ಬೆವರು ಆರುವುದಿಲ್ಲ, ಸುಮ್ಮನೆ ಇಳಿದುಹೋಗುತ್ತದೆ. ಇಳಿದು ಹೋದ ಬೆವರು ಮೈ ತಣಿಸುವುದಿಲ್ಲ. ಅಂಥ ದಿನ ಬಿಳಿ ಅಂಗಿಯೂ ಕೈ ಹಿಡಿಯುವುದಿಲ್ಲ. ಗಾಳಿ ಆಡುವ ಬಟ್ಟೆ, ನೆರಳು, ಹೊತ್ತು ನೋಡಿ ಹೊರಡುವುದು, ಇವೇ ಗತಿ. ನೆರಳಿನಲ್ಲಿ, ಸೂರ್ಯ ಮುಳುಗಿದ ಮೇಲೆ ಬಣ್ಣಕ್ಕೆ ಕೆಲಸವೇ ಇಲ್ಲ. ಸಂಜೆ ವಾಕಿಂಗಿಗೆ ಕಪ್ಪು ಹಾಕಿದರೂ ಒಂದೇ, ಬಿಳಿ ಹಾಕಿದರೂ ಒಂದೇ. ಕಪ್ಪು ಬಟ್ಟೆ ಮೈ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಮೈ ಹೊರಬಿಡುವ ಬಿಸಿಯ ಮಟ್ಟಿಗೆ ಬಹುತೇಕ ಎಲ್ಲ ಬಟ್ಟೆಯೂ ಒಂದೇ ಥರ.

ಇನ್ನು ನೆರಳಿನ ಮಾತು ಬಂತಲ್ಲ, ನಿಮ್ಮದೇ ನೆರಳನ್ನು ನೋಡಿ. ಜೂನ್ ಕೊನೆಯಲ್ಲಿ ದುಬೈನ ಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ನೆರಳು ಪಾದದ ಸುತ್ತ ಮುದುಡಿಕೊಂಡಿರುತ್ತದೆ. ಆಗ ನೇರ ಬಿಸಿಲು ಬೀಳುವುದು ತಲೆಗೆ ಮತ್ತು ಹೆಗಲಿಗೆ. ಪ್ಯಾಂಟಿನ ಬಣ್ಣ ಲೆಕ್ಕಕ್ಕೇ ಇಲ್ಲ. ಟೋಪಿ ಬೇಕು, ಅದು ತಿಳಿ ಬಣ್ಣದ್ದಿರಲಿ, ಯಾಕಂದರೆ ನೆತ್ತಿಗೆ ತಾಗಿಕೊಂಡೇ ಇರುತ್ತದೆ. ನಾಲ್ಕು ಗಂಟೆಗೆ ನೆರಳು ನಿಮಗಿಂತ ಸ್ವಲ್ಪ ಉದ್ದ ಆಗಿರುತ್ತದೆ. ಆಗ ಬಿಸಿಲು ಓರೆಯಾಗಿ ಬೆನ್ನು, ಎದೆ, ಕಾಲಿಗೆಲ್ಲ ಹೊಡೆಯುತ್ತದೆ. ಅಂಗಿಯ ಬಣ್ಣ ಜಾಸ್ತಿ ಲೆಕ್ಕಕ್ಕೆ ಬರುವುದು ಆ ಹೊತ್ತಿನಲ್ಲಿ, ಬೆಳಿಗ್ಗೆ ಎಂಟು ಒಂಬತ್ತಕ್ಕೂ ಹಾಗೆಯೇ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆ ತನಕ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸುವ ಹಾಗಿಲ್ಲ. ಸೈಟಿನಲ್ಲಿ ಇರುವವರು ಇದನ್ನು ತಿಳಿದಿರಬೇಕು. ಆದರೆ ಮೂರು ಗಂಟೆಗೆ ಬಿಡುವು ಮುಗಿದು ಹೊರಗೆ ಬಂದಾಗ ಬಿಸಿಲು ಕಾಯುತ್ತಿರುವುದು ನಿಮ್ಮ ಬೆನ್ನಿಗೆ, ಅದನ್ನೂ ನೆನಪಿಡಿ.

ಬಿಳಿಗೂ ಒಂದು ಕೊರತೆ ಇದೆ. ತೆಳು ಬಿಳಿ ಬಟ್ಟೆ ಬಿಸಿಲನ್ನು ವಾಪಸ್ ಕಳಿಸುವುದರ ಜೊತೆಗೆ ಸ್ವಲ್ಪ ಒಳಗೂ ಬಿಡುತ್ತದೆ. ಅಂಗೈಯನ್ನು ಅಂಗಿಯ ಒಳಗೆ ತೂರಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಬೆರಳು ಎಣಿಸಲು ಆದರೆ ಅಷ್ಟು ಬಿಸಿಲು ಚರ್ಮಕ್ಕೇ ಬೀಳುತ್ತಿದೆ ಅಂತ ಅರ್ಥ. ಒದ್ದೆಯಾದರೆ ಇನ್ನೂ ಜಾಸ್ತಿ. ಚರ್ಮ ಸುಡುವ ಅಲ್ಟ್ರಾವಯಲೆಟ್ ಕಿರಣಗಳನ್ನು ತಡೆಯುವುದರಲ್ಲಿ ಅದೇ ನೇಯ್ಗೆಯ ಗಾಢ ನೀಲಿ, ಕಪ್ಪು ಬಟ್ಟೆ ಸಾಮಾನ್ಯವಾಗಿ ತೆಳು ಬಿಳಿಗಿಂತ ಮುಂದೆ. ಬೀಚಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ತೆಳು ಬಿಳಿ ಬನಿಯನ್ ನೆಚ್ಚಿಕೊಳ್ಳಬೇಡಿ. ಅಲ್ಲಿ ಬಿಸಿಗಿಂತ ಚರ್ಮ ಸುಡುವುದೇ ದೊಡ್ಡ ತೊಂದರೆ.

ಎರಡು ಕಪ್ಪು ಅಂಗಿಗಳು ಒಂದೇ ಥರ ಕಾಯುವುದಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದು ತಮಾಷೆಯಾಗಿ. ನಮ್ಮ ಬಿಲ್ಡಿಂಗಿನ ವಾಚ್‌ಮ್ಯಾನ್ ಕೋಣೆಯಲ್ಲಿ ರಾತ್ರಿ ಕ್ಯಾಮೆರಾದ ಪರದೆ ನೋಡುತ್ತಿದ್ದೆ. ಲಿಫ್ಟಿನ ಹತ್ತಿರ ನಿಂತವನ ಕಪ್ಪು ಪ್ಯಾಂಟು ಅದರಲ್ಲಿ ಬೂದು ಬಿಳಿ ಕಾಣುತ್ತಿತ್ತು! ರಾತ್ರಿ ಆ ಕ್ಯಾಮೆರಾ ನೋಡುವುದು ಇನ್‌ಫ್ರಾರೆಡ್ ಬೆಳಕಿನಲ್ಲಿ. ಬಿಸಿಲಿನ ಶಕ್ತಿಯ ಅರ್ಧದಷ್ಟು ಇರುವುದೂ ನಮ್ಮ ಕಣ್ಣಿಗೆ ಕಾಣದ ಆ ಬೆಳಕಿನಲ್ಲೇ. ಕೆಲವು ಕಪ್ಪು ಬಣ್ಣಗಳು ಅದನ್ನು ಹೀರುವುದಿಲ್ಲ, ಕೆಲವು ಹೀರುತ್ತವೆ. ಹಾಗಾಗಿ ಕಣ್ಣಿಗೆ ಕಪ್ಪು ಅಂದ ಮಾತ್ರಕ್ಕೆ ಬಿಸಿಲಿಗೂ ಅಷ್ಟೇ ಕಪ್ಪು ಅಂತ ಹೇಳಲಾಗದು. ನಿಮ್ಮ ಎರಡು ಕಪ್ಪು ಅಂಗಿಗಳನ್ನು ಐದು ನಿಮಿಷ ಕಿಟಕಿ ಹೊರಗಿನ ಬಿಸಿಲಿಗೆ ಅಕ್ಕಪಕ್ಕ ಹಿಡಿದು ಕೆನ್ನೆಗೆ ಒತ್ತಿ ನೋಡಿ. ಅಂಗಡಿಯವನ ಮಾತಿಗಿಂತ ಕೆನ್ನೆ ವಾಸಿ.

ಮುಖ್ಯವಾದ ಒಂದು ಮಾತು. ತಲೆ ಸುತ್ತಿ ಮಾತು ತೊದಲಿದರೆ, ಗೊಂದಲ ಆದರೆ ಅದು ಅಂಗಿ ಬದಲಾಯಿಸುವ ಹೊತ್ತಲ್ಲ. ಅವರನ್ನು ನೆರಳಿಗೆ ತಂದು, ಮೈ ಒದ್ದೆ ಮಾಡಿ ಗಾಳಿ ಹಾಕುತ್ತಾ ಯುಎಇಯಲ್ಲಾದರೆ 998ಕ್ಕೆ ಫೋನ್ ಮಾಡಿ.

ಕಂಪನಿಯವರು ಕಡು ನೀಲಿ ಯೂನಿಫಾರ್ಮ್ ಕೊಟ್ಟರು ಅಂತ ಬೇಜಾರು ಮಾಡಿಕೊಳ್ಳುವವರು ಬಹಳ. ನನಗೂ ಕೊಟ್ಟಿದ್ದರು. ಬಣ್ಣ ಬದಲಿಸಿ ಅಂತ ಎರಡು ಬಾರಿ ಬರೆದುಕೊಟ್ಟೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೇ ಬಾರಿ ಸ್ಟೋರಿನವನ ಹತ್ತಿರ ಹೋಗಿ 'ಎಂ' ಬದಲು 'ಎಕ್ಸ್‌ಎಲ್' ಕೊಡು ಅಂದೆ. ತೋಳು ಸ್ವಲ್ಪ ಉದ್ದ ಆಯಿತು, ಹೆಂಡತಿ ನೋಡಿ ಜೋಕರ್ ಥರ ಇದ್ದೀರಿ ಅಂತ ನಕ್ಕಳು. ಆದರೆ ನಡೆಯುವಾಗ ಬೆನ್ನಿಗೂ ಬಟ್ಟೆಗೂ ನಡುವೆ ಗಾಳಿ ಹೋಗುವುದು ಅವತ್ತೇ ಗೊತ್ತಾಯಿತು. ಇವತ್ತಿಗೂ ನಾನು ಅದೇ ಸೈಜ್ ತೆಗೆದುಕೊಳ್ಳುವುದು.