ನೆಗಡಿಯಲ್ಲಿ ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ

ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ, ಬೆರಳ ತುದಿಗೆ ಸಿಗುವಷ್ಟು ಹತ್ತಿರದಲ್ಲಿ, ಸಣ್ಣ ರಕ್ತನಾಳಗಳ ಒಂದು ಜಾಲವಿದೆ. ವೈದ್ಯರು ಇದನ್ನು ಲಿಟಲ್ಸ್ ಏರಿಯಾ ಎನ್ನುತ್ತಾರೆ. ನೆಗಡಿಯಾದಾಗ ಅಲ್ಲಿನ ತೆಳು ಪೊರೆ ಊದಿಕೊಂಡಿರುತ್ತದೆ, ಸಿಂಬಳ ಒಣಗಿ ಹಕ್ಕಳೆ ಕಟ್ಟುತ್ತದೆ. ಜೋರಾಗಿ ಸಿಂಬಳ ತೆಗೆದರೂ ಸಾಕು, ಉಗುರು ತಾಗಿದರೂ ಸಾಕು, ರಕ್ತ ಬರುತ್ತದೆ.

ಎಂಟು ವರ್ಷದ ಹುಡುಗಿ ರಾತ್ರಿ ಎದ್ದು ಕೂತಿದ್ದಾಳೆ, ದಿಂಬಿನ ಮೇಲೆ ರಕ್ತ ಎಂದುಕೊಳ್ಳಿ. ಮನೆಯಲ್ಲಿ ಒಬ್ಬರು ತಲೆ ಹಿಂದಕ್ಕೆ ಬಾಗಿಸು ಎನ್ನುತ್ತಾರೆ, ಇನ್ನೊಬ್ಬರು ಈರುಳ್ಳಿ ತರಲು ಓಡುತ್ತಾರೆ. ಈರುಳ್ಳಿ ಅಡುಗೆಮನೆಯಲ್ಲೇ ಇರಲಿ. ತಲೆ ಹಿಂದಕ್ಕೆ ಹೋದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ, ಎಷ್ಟು ಹೋಯಿತೆಂಬ ಅಂದಾಜೂ ಸಿಗುವುದಿಲ್ಲ.

ಅವಳನ್ನು ನೆಟ್ಟಗೆ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ. ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಕಡೆ ಎರಡೂ ಬದಿಯಿಂದ ಹೆಬ್ಬೆರಳು, ತೋರುಬೆರಳಲ್ಲಿ ಒತ್ತಿ ಹಿಡಿಯಿರಿ. ಮೇಲಿನ ಮೂಳೆಯನ್ನು ಹಿಡಿದರೆ ಪ್ರಯೋಜನವಿಲ್ಲ. ಉಸಿರಾಟ ಬಾಯಿಂದ ನಡೆಯಲಿ, ಬಾಯಿಗೆ ಬಂದ ರಕ್ತವನ್ನು ಪಾತ್ರೆಗೆ ಉಗಿಯಲಿ. ಗಡಿಯಾರ ನೋಡಿಕೊಂಡು 10 ನಿಮಿಷ ಬಿಡದೆ ಹಿಡಿಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ನಿಂತಿತೇನೋ ಎಂದು ಎರಡು ನಿಮಿಷಕ್ಕೊಮ್ಮೆ ಕೈಬಿಟ್ಟು ನೋಡುತ್ತಾರೆ, ಆಗತಾನೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಹೋಗುತ್ತದೆ. ನಿಲ್ಲದಿದ್ದರೆ ಮತ್ತೆ 10 ನಿಮಿಷ ಹಿಡಿಯಿರಿ. ನಿಂತ ಮೇಲೆ ಒಂದು ದಿನ ಸಿಂಬಳ ಜೋರಾಗಿ ತೆಗೆಯುವುದು, ಮೂಗಿಗೆ ಬೆರಳು ಹಾಕುವುದು ಬೇಡ. ಬಿಸಿಬಿಸಿ ಕಾಫಿ, ಸಾರು ಕೂಡ ಆರಿದ ಮೇಲೆಯೇ.

ಮರುದಿನದಿಂದ ಒಳಭಾಗ ಒಣಗದಂತೆ ನೋಡಿಕೊಳ್ಳಬೇಕು. ಔಷಧಿ ಅಂಗಡಿಯ ಸಲೈನ್ ಹನಿ ಹಕ್ಕಳೆಯನ್ನು ತಾನಾಗಿ ಸಡಿಲಿಸುತ್ತದೆ. ಮೂಗು ಕಟ್ಟಿದ್ದಕ್ಕೆ ಹಾಕುವ ಔಷಧಿ ಹನಿಯೇ ಬೇರೆ. ಅದನ್ನು ದಿನಗಟ್ಟಲೆ ಹಾಕುತ್ತಿದ್ದರೆ ಮೂಗು ಮತ್ತೆ ಹೆಚ್ಚಾಗಿ ಕಟ್ಟುತ್ತದೆ.

ಮೂಗಿನ ಕೆಳಗಿನ ಚರ್ಮ ಬಿರಿಯುವುದು ಸದಾ ಒದ್ದೆಯಾಗಿರುವುದರಿಂದ ಮತ್ತು ಉಜ್ಜುವುದರಿಂದ. ಹೊಸ ಕರವಸ್ತ್ರಕ್ಕಿಂತ ತೊಳೆದು ತೊಳೆದು ಸವೆದ ಹತ್ತಿ ಬಟ್ಟೆ ಮೇಲು, ಹಳೇ ಪಂಚೆಯ ತುಂಡಾದರೂ ಸರಿ. ಒರೆಸಬೇಡಿ, ಒತ್ತಿ ತೆಗೆಯಿರಿ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ತೇವ ಪೂರ್ತಿ ಆರುವ ಮೊದಲೇ ವ್ಯಾಸಲಿನ್ ತೆಳುವಾಗಿ ಸವರಿ. ಹಗಲಲ್ಲೂ ಮೂಗು ಸೋರುವ ಮುನ್ನವೇ ಹಚ್ಚಿದ್ದರೆ ನೀರು ಚರ್ಮಕ್ಕೆ ತಾಗುವುದಿಲ್ಲ. ಆದರೆ ಅದನ್ನು ಮೂಗಿನೊಳಗೆ ಆಳಕ್ಕೆ ತುಂಬಬಾರದು. ಕರ್ಪೂರ, ಪುದೀನ ಸತ್ವವಿರುವ ಬಾಮನ್ನು ಬಿರಿದ ಜಾಗಕ್ಕೆ ಹಚ್ಚಿದರೆ ಉರಿ ತಡೆಯಲಾಗದು.

ಬಿರುಕಿನ ಮೇಲೆ ಜೇನಿನ ಬಣ್ಣದ ಹೊಪ್ಪಳೆ ಕಟ್ಟಿ ಪಕ್ಕಕ್ಕೂ ಹರಡುತ್ತಿದ್ದರೆ ಅದು ಸೋಂಕು. ವ್ಯಾಸಲಿನ್ ಸಾಲದು, ವೈದ್ಯರಿಗೆ ತೋರಿಸಿ. ಒತ್ತಿ ಹಿಡಿದೂ 20 ನಿಮಿಷದಲ್ಲಿ ರಕ್ತ ನಿಲ್ಲದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಬಂದಿದ್ದರೆ, ಅಥವಾ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬೇಗ ನಿಲ್ಲದಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಪುಟ್ಟ ಮಗುವಿಗೆ ಒಂದೇ ಹೊಳ್ಳೆಯಲ್ಲಿ ವಾಸನೆಯ ಸಿಂಬಳ, ಜೊತೆಗೆ ರಕ್ತ ಬರುತ್ತಿದ್ದರೆ ನೆಗಡಿ ಎಂದುಕೊಂಡು ಕಾಯಬೇಡಿ. ಒಳಗೆ ಮಣಿಯೋ ಹುಣಸೆ ಬೀಜವೋ ಸಿಕ್ಕಿಕೊಂಡಿರಬಹುದು, ಅದನ್ನು ಮನೆಯಲ್ಲಿ ಕೆದಕದೆ ಮೂಗಿನ ವೈದ್ಯರಿಂದಲೇ ತೆಗೆಸಬೇಕು.